ಲೇಹ್‌ನಲ್ಲಿ ಆರು ಸೀಟಿ ಆದರೂ ಬೇಳೆ ಬೇಯಲಿಲ್ಲ, ಏಕೆ?

ಪ್ರಶ್ನೆ (ಗೃಹಿಣಿ, ಟಿಳಕವಾಡಿ, ಬೆಳಗಾವಿ):
ನನ್ನ ತಮ್ಮ ಸೇನೆಯಲ್ಲಿದ್ದಾನೆ, ಸದ್ಯ ಲೇಹ್‌ನಲ್ಲಿದ್ದಾನೆ. ಅವನಲ್ಲಿಗೆ ಹೋಗುವಾಗ ಇಲ್ಲಿಂದಲೇ ಕುಕ್ಕರ್ ಮತ್ತು ತೊಗರಿ ಬೇಳೆ ಒಯ್ದಿದ್ದೆ. ಮನೆಯಲ್ಲಿ ನಾಲ್ಕು ಸೀಟಿಗೆ ಬೆಣ್ಣೆಯಂತಾಗುವ ಬೇಳೆ ಅಲ್ಲಿ ಆರು ಸೀಟಿಗೂ ಇಡಿಯಾಗಿಯೇ ಉಳಿಯಿತು. ಬೋಗುಣಿಯಲ್ಲಿ ಇಟ್ಟ ಅನ್ನವಂತೂ ನೀರು ಕೊತಕೊತ ಕುದಿದರೂ ನಡುವೆ ಗಟ್ಟಿ. ಬೆಟ್ಟದ ಮೇಲೆ ನೀರು ಬೇಗ ಕುದಿಯುತ್ತದೆ ಎನ್ನುತ್ತಾರೆ. ಹಾಗಿದ್ದರೆ ಅಡುಗೆಯೂ ಬೇಗ ಆಗಬೇಕಲ್ಲವೇ? ಕುಕ್ಕರ್ ಕೆಟ್ಟಿದೆಯೇ?

ಉತ್ತರ (ಸಕ್ಕರೆ ಕಾರ್ಖಾನೆಯ ಬಾಯ್ಲರ್ ಇಂಜಿನಿಯರ್, ಬಾಗಲಕೋಟೆ ಜಿಲ್ಲೆ):
ಅಕ್ಕಾವ್ರೇ, ಕುಕ್ಕರ್ ಸರಿಯಾಗಿಯೇ ಇದೆ. ಗ್ಯಾಸ್ಕೆಟ್ ಸಡಿಲವಾಗಿದ್ದರೆ ಹಬೆ ಮುಚ್ಚಳದ ಅಂಚಿನಿಂದ ಬುಸುಗುಟ್ಟುತ್ತ ಸೋರಿ ಹೋಗುತ್ತಿತ್ತು, ಸೀಟಿ ಎತ್ತುವಷ್ಟು ಒತ್ತಡವೇ ಒಳಗೆ ಕೂಡುತ್ತಿರಲಿಲ್ಲ. ತೊಡಕು ಇರುವುದು ‘ಬೇಗ’ ಎಂಬ ಮಾತಿನಲ್ಲಿ. ಅಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ, ಮತ್ತು ಕುದಿ ಹತ್ತಿದ ಮೇಲೆ ಅದಕ್ಕಿಂತ ಹೆಚ್ಚು ಬಿಸಿಯಾಗಲು ಒಪ್ಪುವುದಿಲ್ಲ.

ಪಾತ್ರೆಯ ತಳದಲ್ಲಿ ಹುಟ್ಟುವ ಹಬೆಯ ಗುಳ್ಳೆಯನ್ನು ನೀರಿನ ಮೇಲೆ ಕುಳಿತ ಗಾಳಿ ಸದಾ ಅದುಮುತ್ತಿರುತ್ತದೆ. ಗುಳ್ಳೆಯೊಳಗಿನ ಹಬೆಯ ಬಲ ಆ ಒತ್ತಡಕ್ಕೆ ಸಮನಾದಾಗ ಗುಳ್ಳೆ ಮುದುಡದೆ ಮೇಲೇರುತ್ತದೆ. ಅದನ್ನೇ ನಾವು ಕುದಿ ಎನ್ನುತ್ತೇವೆ. ಸಮುದ್ರಮಟ್ಟದಲ್ಲಿ ಅದಕ್ಕೆ 100 ಡಿಗ್ರಿ ಬೇಕು. ಸುಮಾರು 750 ಮೀಟರ್ ಎತ್ತರದ ನಿಮ್ಮ ಬೆಳಗಾವಿಯಲ್ಲಿ 97 ದಾಟಿದರೆ ಸಾಕು. ಲೇಹ್ ಸುಮಾರು 3500 ಮೀಟರ್ ಎತ್ತರದಲ್ಲಿದೆ, ಅಲ್ಲಿನ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲಿನಷ್ಟು ಮಾತ್ರ, ಆದ್ದರಿಂದ ನೀರು 88 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಆಮೇಲೆ ನೀವು ಎಷ್ಟು ಉರಿ ಹೆಚ್ಚಿಸಿದರೂ ಆ ಶಾಖವೆಲ್ಲ ನೀರನ್ನು ಹಬೆ ಮಾಡುವುದಕ್ಕೆ ಖರ್ಚಾಗುತ್ತದೆ, ಅಕ್ಕಿಗೆ ಸಿಗುವುದು ಅದೇ 88.

ಇದನ್ನೇ ನಾವು ಕಾರ್ಖಾನೆಯಲ್ಲಿ ಬೇಕೆಂದೇ ಮಾಡುತ್ತೇವೆ. ಸಕ್ಕರೆ ಹರಳು ಕಟ್ಟುವ ಪ್ಯಾನ್‌ನಿಂದ ಗಾಳಿ ಎಳೆದುಬಿಟ್ಟಿರುತ್ತೇವೆ. ಒಳಗಿನ ಒತ್ತಡ ಎವರೆಸ್ಟ್ ತುದಿಗಿಂತಲೂ ಕಡಿಮೆ. ಕಣ್ಣುಕಿಂಡಿಯಿಂದ ನೋಡಿದರೆ ಪಾಕ ಉಕ್ಕಿ ಕುದಿಯುತ್ತಿರುತ್ತದೆ, ಥರ್ಮಾಮೀಟರ್ ಮಾತ್ರ 65–70 ತೋರಿಸುತ್ತದೆ. ಪಾಕ ಕಪ್ಪಾಗದಿರಲಿ ಎಂದು ನಾವು ಬಿಸಿ ತಗ್ಗಿಸುತ್ತೇವೆ. ಬೇಳೆಗೆ ಬೇಕಾದದ್ದು ಅದರ ತಿರುವುಮುರುವು.

ಇನ್ನು ಕುಕ್ಕರ್. ಹಬೆ ಬರುವ ನಳಿಕೆಯ ತೂತು 3 ಮಿಲಿಮೀಟರ್ ಅಗಲವಿದೆ ಎಂದು ಲೆಕ್ಕಕ್ಕೆ ಹಿಡಿಯೋಣ. ಆ ತೂತಿನ ಮೇಲೆ 70 ಗ್ರಾಂ ತೂಕದ ಸೀಟಿ ಕುಳಿತರೆ, ಅದನ್ನು ಎತ್ತಲು ಪ್ರತಿ ಚದರ ಸೆಂಟಿಮೀಟರಿಗೆ ಒಂದು ಕಿಲೋ ಒತ್ತಡ ಬೇಕಾಗುತ್ತದೆ. ಮನೆಬಳಕೆಯ ಕುಕ್ಕರ್‌ಗಳು ಸಾಮಾನ್ಯವಾಗಿ ಇದಕ್ಕೇ ಹೊಂದಿಸಿದವು. ಆದರೆ ಸೀಟಿಯ ಮೇಲೆ ಹೊರಗಿನ ಗಾಳಿಯೂ ಕುಳಿತಿರುತ್ತದೆ ಎಂಬುದನ್ನು ಎಲ್ಲರೂ ಮರೆಯುತ್ತಾರೆ. ಬೆಳಗಾವಿಯಲ್ಲಿ ಆ ಗಾಳಿ ಸುಮಾರು 0.94 ಕಿಲೋ, ಸೀಟಿ ಒಂದು ಕಿಲೋ, ಕೂಡಿದರೆ 1.94, ಈ ಒತ್ತಡದಲ್ಲಿ ನೀರು ಸುಮಾರು 119 ಡಿಗ್ರಿಗೆ ಕುದಿಯುತ್ತದೆ. ಲೇಹ್‌ನಲ್ಲಿ ಗಾಳಿ 0.67 ಮಾತ್ರ, ಸೀಟಿ ಅದೇ ಒಂದು, ಒಟ್ಟು 1.67, ಬಿಸಿ 114ಕ್ಕೆ ನಿಲ್ಲುತ್ತದೆ. ತೆರೆದ ಪಾತ್ರೆಯಲ್ಲಿ ನೀವು ಒಂಬತ್ತು ಡಿಗ್ರಿ ಕಳೆದುಕೊಂಡಿರಿ, ಕುಕ್ಕರ್‌ನಲ್ಲಿ ಐದು. ಅಂದರೆ ಕುಕ್ಕರ್ ಬೆಟ್ಟದ ನಷ್ಟವನ್ನು ಅರ್ಧದ ಹತ್ತಿರ ತುಂಬಿಕೊಟ್ಟಿತು, ಪೂರ್ತಿ ತುಂಬಲಿಲ್ಲ.

ಬೇಳೆಗೆ ಐದು ಡಿಗ್ರಿ ಸಣ್ಣದಲ್ಲ. 2000 ಅಡಿ ದಾಟಿದ ಮೇಲೆ ಪ್ರತಿ 1000 ಅಡಿಗೆ ಕುಕ್ಕರ್‌ನ ಸಮಯವನ್ನು ಶೇಕಡಾ 5ರಷ್ಟು ಹೆಚ್ಚಿಸಬೇಕೆಂಬ ರೂಢಿಯ ಅಂದಾಜಿದೆ. ಅದರಂತೆ ಇಲ್ಲಿ ಹತ್ತು ನಿಮಿಷ ಬೇಕಾದದ್ದಕ್ಕೆ ಲೇಹ್‌ನಲ್ಲಿ ಸುಮಾರು ಹದಿನೈದು. ಸೀಟಿ ಎಣಿಸಬೇಡಿ, ಗಡಿಯಾರ ನೋಡಿ. ಉರಿ ಜೋರಿದ್ದರೆ ಆರು ಸೀಟಿ ಐದೇ ನಿಮಿಷದಲ್ಲಿ ಮುಗಿದಿರುತ್ತವೆ.

ನಿವೃತ್ತ ಶಿಕ್ಷಕರು, ವಿಜಯಪುರ:
ಮೊದಲೇ ಉಪ್ಪು ಹಾಕಿದ್ದರೆ ಸಾಕಿತ್ತು. ಉಪ್ಪು ನೀರು ಹೆಚ್ಚು ಬಿಸಿಯಲ್ಲಿ ಕುದಿಯುತ್ತದೆ ಎಂದು ನಾನೇ ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಅಲ್ಲದೆ ಅಲ್ಲಿ ಆಮ್ಲಜನಕ ಕಡಿಮೆ, ಒಲೆಯ ಉರಿಯೇ ಮಂದ. ಕಾರಣ ಅದೂ ಇರಬೇಕು.

ಇಂಜಿನಿಯರ್:
ಗುರುಗಳೇ, ಪಾಠ ಸರಿಯಾಗಿದೆ, ಪ್ರಮಾಣ ಸಾಲದು. ಒಂದು ಲೀಟರ್ ನೀರಿಗೆ 58 ಗ್ರಾಂ ಉಪ್ಪು ಹಾಕಿದರೆ ಕುದಿ ಏರುವುದು ಒಂದೇ ಡಿಗ್ರಿ. ಒಂಬತ್ತು ಡಿಗ್ರಿ ಏರಿಸಲು ಹೋದರೆ ಆ ಸಾರನ್ನು ದನವೂ ಮೂಸಲಾರದು. ನಮ್ಮ ಕಡೆಯ ಆಲೆಮನೆಯಲ್ಲಿ ಬೆಲ್ಲದ ಪಾಕ ತೆರೆದ ಕೊಪ್ಪರಿಗೆಯಲ್ಲೇ 115 ದಾಟುವುದು ನೀವು ಹೇಳಿದ ಕಾರಣಕ್ಕೇ, ಆದರೆ ಅಲ್ಲಿ ಕಡೆಗೆ ನೀರಿಗಿಂತ ಸಕ್ಕರೆಯೇ ಬಹಳ. ಉರಿ ಮಂದವಾಗುವುದೂ ನಿಜ. ಅದರಿಂದ ಮೊದಲ ಸೀಟಿ ತಡವಾಗುತ್ತದೆ, ಸೀಟಿಯಾದ ಮೇಲಿನ ಬಿಸಿ ಬದಲಾಗುವುದಿಲ್ಲ.

ಮೆಸ್ ನಡೆಸುವವರು, ವಿಜಯಪುರ:
ನಮ್ಮಲ್ಲಿ ಬೆಟ್ಟವೂ ಇಲ್ಲ, ಆದರೂ ಬೋರ್‌ವೆಲ್ ನೀರಿನಲ್ಲಿ ಬೇಳೆ ಬೇಯುವುದಿಲ್ಲ. ಸೀಟಿಯ ಮೇಲೆ ಕಲ್ಲು ಹೇರಿದರೆ ಒತ್ತಡ ಹೆಚ್ಚಾಗುತ್ತದೆಯೇ?

ಇಂಜಿನಿಯರ್:
ನಿಮ್ಮದು ಬೇರೆಯೇ ರೋಗ. ಗಡಸು ನೀರಿನ ಸುಣ್ಣದಂಶ ಬೇಳೆಯನ್ನು ಬಿಗಿ ಮಾಡುತ್ತದೆ. ಸಿಹಿನೀರಿನಲ್ಲಿ ಒಮ್ಮೆ ಬೇಯಿಸಿ ನೋಡಿದರೆ ತಿಳಿಯುತ್ತದೆ, ಇಲ್ಲವೇ ಚಿಟಿಕೆ ಅಡುಗೆ ಸೋಡಾ ಹಾಕಿ. ಕಲ್ಲು ಹೇರಿದರೆ ಒತ್ತಡವೂ ಬಿಸಿಯೂ ಏರುತ್ತವೆ, ನಿಜ. ಆದರೆ ಕುಕ್ಕರ್‌ನ ಗೋಡೆ ತಡೆಯಬೇಕಾದದ್ದು ಒಳಗಿನ ಮತ್ತು ಹೊರಗಿನ ಒತ್ತಡಗಳ ವ್ಯತ್ಯಾಸವನ್ನು. ಅದಕ್ಕೆ ಮಿತಿ ಕಟ್ಟಿರುವುದೇ ಆ ಸೀಟಿಯ ತೂಕ. ಬಾಯ್ಲರ್‌ನ ಸೇಫ್ಟಿ ವಾಲ್ವ್ ಮೇಲೆ ಹೀಗೆ ಯಾರಾದರೂ ಕೈ ಇಟ್ಟರೆ ನಾನು ಅವರನ್ನು ಗೇಟಿನಿಂದ ಹೊರಗೆ ಕಳಿಸುತ್ತೇನೆ. ದಯವಿಟ್ಟು ಮಾಡಬೇಡಿ.

ಅಂದಹಾಗೆ, ಸೀಟಿಯನ್ನು ಮೊದಲೇ ಹಾಕಿಬಿಡುವ ಅಭ್ಯಾಸ ಬಹಳ ಮನೆಗಳಲ್ಲಿದೆ. ನಳಿಕೆಯಿಂದ ಹಬೆ ನೇರ ಜೋರಾಗಿ ಬಂದ ಮೇಲೆ ಹಾಕಬೇಕು. ಇಲ್ಲದಿದ್ದರೆ ಒಳಗೆ ಸಿಕ್ಕಿಬಿದ್ದ ಗಾಳಿಯೂ ಹಬೆಯ ಜೊತೆ ಸೇರಿ ಸೀಟಿ ಎತ್ತುತ್ತದೆ. ಸೀಟಿ ಕೇಳಿಸುತ್ತದೆ, ಬಿಸಿ ಮಾತ್ರ ಇನ್ನೂ ಬಂದಿರುವುದಿಲ್ಲ.

ಪ್ರಶ್ನೆ ಕೇಳಿದವರು:
ಅಯ್ಯೋ, ನಾನು ಮೊದಲೇ ಹಾಕುತ್ತೇನೆ. ಆದರೆ ಇಲ್ಲಿಯೂ ಹಾಗೆಯೇ ಹಾಕುತ್ತೇನಲ್ಲ! ತಮ್ಮನಿಗೆ ನಿಮ್ಮ ಉತ್ತರ ಕಳಿಸಿದ್ದೆ. ನಿನ್ನೆ ರಾತ್ರಿ ಬೇಳೆಯನ್ನು ಎರಡು ತಾಸು ನೆನೆಸಿ, ಹಬೆ ಬಂದ ಮೇಲೆ ಸೀಟಿ ಹಾಕಿ, ಹದಿನೈದು ನಿಮಿಷ ಇಟ್ಟನಂತೆ. ಬೇಳೆ ಪೂರ್ತಿ ಕರಗಿತು, ತಳ ಮಾತ್ರ ಹಿಡಿಯಿತಂತೆ.

ಇಂಜಿನಿಯರ್:
ಮೂರನ್ನೂ ಒಟ್ಟಿಗೆ ಬದಲಿಸಿದ್ದರಿಂದ ಯಾವುದು ಎಷ್ಟು ಕೆಲಸ ಮಾಡಿತೆಂದು ಹೇಳಲು ಬಾರದು. ನೆನೆಸಿದ್ದರ ಪಾಲೇ ದೊಡ್ಡದಿರಬಹುದು ಎಂದು ನನ್ನ ಅನುಮಾನ. ತಳ ಹಿಡಿದದ್ದಕ್ಕೆ ಒಂದು ಪ್ರಶ್ನೆ: ಮೊದಲ ಸೀಟಿಯಾದ ಮೇಲೆ ಅವರು ಉರಿ ಸಣ್ಣ ಮಾಡಿದ್ದರೇ?

ಪ್ರಶ್ನೆ ಕೇಳಿದವರು:
ಕೇಳಿದೆ. ಸೀಟಿ ನಿಂತುಹೋದೀತೆಂದು ಜೋರಾಗಿಯೇ ಇಟ್ಟಿದ್ದನಂತೆ.