ಮೇಷ್ಟ್ರನ್ನ ಕೇಳಿ: ಅರ್ಧ ಫೋಟೋದಲ್ಲಿ ಬಂದ ದೂರದ ಲೆಕ್ಕ

ದ್ವಿತೀಯ ಪಿಯು ವಿದ್ಯಾರ್ಥಿನಿ, ನಿಟ್ಟುವಳ್ಳಿ: ಸರ್ ನಮಸ್ಕಾರ. ಲೆಕ್ಕದ ಫೋಟೋ ಹಾಕಿದ್ದೇನೆ. P(3, −2, 1) ಬಿಂದುವಿನಿಂದ 2x − y + 2z = 3 ಸಮತಲಕ್ಕೆ ಎಷ್ಟು ದೂರ ಅಂತ ಕೇಳಿದ್ದಾರೆ. ನನಗೆ 13/3 ಬರುತ್ತಿದೆ. ಪುಸ್ತಕದ ಹಿಂದೆ 3 ಅಂತ ಇದೆ. ಎರಡು ಸಲ ಮಾಡಿದೆ. ಪುಸ್ತಕ ತಪ್ಪಾ ಸರ್?

ಬಿಎಸ್ಸಿ ವಿದ್ಯಾರ್ಥಿ, ವಿದ್ಯಾನಗರ: ನಿಂದೂ ತಪ್ಪು, ಪುಸ್ತಕದ್ದೂ ತಪ್ಪು. ಆ ಕಡೆ ಇರೋ 3 ಈ ಕಡೆ ಬಂದರೆ −3 ಆಗುತ್ತೆ. ನೀನು +3 ಹಾಕಿದ್ದೀಯ. 6 + 2 + 2 − 3 = 7. ಕೆಳಗೆ √9, ಅಂದರೆ 3. ಉತ್ತರ 7/3. ಪ್ರಿಂಟ್ ಮಾಡುವಾಗ ಮೇಲಿನ 7 ಹಾರಿ ಹೋಗಿದೆ ಅಷ್ಟೇ.

ಅಂಗಡಿ ಮಾಲೀಕರು, ಹರಿಹರ: ನಾನೂ ಮಗಳ ಜೊತೆ ಕೂತು ಮಾಡಿದೆ. ನಮಗೆ 1 ಬಂತು.

ಗಣಿತ ಮೇಷ್ಟ್ರು: ಚಿಹ್ನೆಯ ವಿಷಯದಲ್ಲಿ ವಿದ್ಯಾನಗರದವರು ಹೇಳಿದ್ದು ಸರಿ. 13/3 ಬರೋದು ಅಲ್ಲಿಂದಲೇ. ಆದರೆ ಪುಸ್ತಕಕ್ಕೆ ಬೈಯೋದು ಸ್ವಲ್ಪ ತಡೀರಿ. ಫೋಟೋದ ಕೆಳಗಿನ ಅಂಚನ್ನು ದೊಡ್ಡದು ಮಾಡಿ ನೋಡಿ. ಹೆಬ್ಬೆರಳ ನೆರಳಿನ ಪಕ್ಕದಲ್ಲಿ ಇನ್ನೊಂದು ಸಾಲಿನ ತಲೆ ಮಾತ್ರ ಕಾಣುತ್ತಿದೆ. ಮೂರು ಭಿನ್ನರಾಶಿಗಳ ಮೇಲಿನ ತುಂಡು ಅದು. 2y, ಆಮೇಲೆ 4 − z ಥರ ಏನೋ ಇದೆ. ಬರೀ ದೂರ ಕೇಳೋ ಲೆಕ್ಕಕ್ಕೆ ಅದು ಯಾಕೆ ಬೇಕು? ಪೂರ್ತಿ ಪುಟ ಕಳಿಸಮ್ಮ. ಪುಸ್ತಕ ಚಪ್ಪಟೆ ಇಟ್ಟು ತೆಗಿ, ಮೈನಸ್ ಗೆರೆ ಮಡಿಕೆಯೊಳಗೆ ಹೋಗುತ್ತೆ.

ಹರಿಹರದವರೇ, ನಿಮಗೆ ಆಗಿರೋದು ಅದೇ. y ಹಿಂದಿನ ಮೈನಸ್ ನಿಮ್ಮ ಮೊಬೈಲಲ್ಲಿ ಪ್ಲಸ್ ಥರ ಕಂಡಿದೆ. ಹಾಗೆ ಓದಿದರೆ 6 − 2 + 2 − 3 = 3, ಅದನ್ನು 3ರಿಂದ ಭಾಗಿಸಿದರೆ 1.

ಪೋಷಕರು, ಹೊಳಲ್ಕೆರೆ: ಇದು ಫಾರ್ವರ್ಡ್ ಬಂದದ್ದು, ಮಕ್ಕಳಿಗೆ ಉಪಯೋಗ ಆಗಲಿ ಅಂತ ಹಾಕ್ತಿದ್ದೇನೆ. «5 ಸೆಕೆಂಡ್ ಮಂತ್ರ! ದೂರದ ಲೆಕ್ಕ ಯಾವುದೇ ಬರಲಿ, ಬಿಂದುವನ್ನು ಸಮೀಕರಣಕ್ಕೆ ಹಾಕಿ, ವರ್ಗಮೂಲದಿಂದ ಭಾಗಿಸಿ, ಉತ್ತರ ರೆಡಿ. ಇನ್ನೂ 10 ಗುಂಪಿಗೆ ಕಳಿಸಿ.»

ಗಣಿತ ಮೇಷ್ಟ್ರು: ದಯವಿಟ್ಟು ಯಾರಿಗೂ ಕಳಿಸಬೇಡಿ. «ಯಾವುದೇ ಬರಲಿ» ಅನ್ನೋ ಎರಡು ಪದದಲ್ಲೇ ಮಾರ್ಕ್ಸ್ ಹೋಗೋದು. ಆ ಸೂತ್ರ ಲಂಬದ ದೂರಕ್ಕೆ ಮಾತ್ರ.

ವಿದ್ಯಾರ್ಥಿನಿ, ನಿಟ್ಟುವಳ್ಳಿ: ಸಾರಿ ಸರ್. ಕೆಳಗೆ ಇನ್ನೊಂದು ಸಾಲು ಇತ್ತು. ಈ ರೇಖೆಗೆ ಸಮಾಂತರವಾಗಿ ಅಳೆದಾಗ ದೂರ ಎಷ್ಟು ಅಂತ ಇದೆ:

```
(x − 1)/2 = (2y + 3)/2 = (4 − z)/(−2)
```

ಬಿಎಸ್ಸಿ ವಿದ್ಯಾರ್ಥಿ, ವಿದ್ಯಾನಗರ: ಓ, ಹಾಗಾದರೆ ಸುಲಭ. ಕೆಳಗಿರೋ ಸಂಖ್ಯೆಗಳೇ ದಿಕ್ಕು: 2, 2, −2. ಅದರಂತೆ ಮಾಡಿದರೆ 7√3 ಬರುತ್ತೆ. ಪುಸ್ತಕ ತಪ್ಪು ಅಂತ ಆಗಲೇ ಹೇಳಿದ್ದೆ.

ಗಣಿತ ಮೇಷ್ಟ್ರು: ಇಲ್ಲ. ಈಗ ಸ್ವಲ್ಪ ಉದ್ದ ಬರೀತೀನಿ. ಪ್ರಶ್ನೆ ತೆಗೆದವರ ಚೇಷ್ಟೆ ಚೆನ್ನಾಗಿದೆ.

ಮೊದಲು ರೇಖೆಯನ್ನು ಓದೋದು. ಕೆಳಗಿನ ಸಂಖ್ಯೆಗಳು ದಿಕ್ಕು ಹೇಳಬೇಕಾದರೆ ಮೇಲೆ x, y, z ಒಂಟಿಯಾಗಿ, ಪ್ಲಸ್ ಆಗಿ ನಿಂತಿರಬೇಕು. ಇಲ್ಲಿ ಮೊದಲನೆಯದು ಮಾತ್ರ ಹಾಗಿದೆ. ನಡುವಿನದರಲ್ಲಿ y ಹಿಂದೆ 2 ಇದೆ. ಮೇಲೂ ಕೆಳಗೂ 2ರಿಂದ ಭಾಗಿಸಿದರೆ ಕೆಳಗೆ 1 ಉಳಿಯುತ್ತೆ. ಮೂರನೆಯದರಲ್ಲಿ z ತಲೆಕೆಳಗಾಗಿದೆ. ಮೇಲೂ ಕೆಳಗೂ ಚಿಹ್ನೆ ಬದಲಿಸಿದರೆ (z − 4)/2 ಆಗುತ್ತೆ. ಹಾಗಾಗಿ ದಿಕ್ಕು 2, 1, 2. ವಿದ್ಯಾನಗರದವರ 7√3 ಹುಟ್ಟಿದ್ದು ಇಲ್ಲಿ. ಮುಂದಿನ ಲೆಕ್ಕ ಅವರು ಸರಿಯಾಗೇ ಮಾಡಿದ್ದಾರೆ, ಹೊರಟ ದಾರಿಯೇ ಬೇರೆ.

ಆ ರೇಖೆಯಿಂದ ನಮಗೆ ಬೇಕಾದ್ದು ದಿಕ್ಕು ಮಾತ್ರ. ಅದು ಯಾವ ಬಿಂದುವಿನ ಮೂಲಕ ಹೋಗುತ್ತೆ ಅನ್ನೋದು ಬೇಡ. ನಮ್ಮ ರೇಖೆ P ಯಿಂದಲೇ ಹೊರಡಬೇಕು:

```
(x − 3)/2 = (y + 2)/1 = (z − 1)/2 = t
```

ಅಂದರೆ ದಾರಿಯ ಮೇಲಿನ ಯಾವುದೇ ಬಿಂದು (3 + 2t, −2 + t, 1 + 2t). ಅದು ಸಮತಲವನ್ನು ಮುಟ್ಟೋದು ಎಲ್ಲಿ ಅಂತ ನೋಡೋಕೆ ಸಮತಲದ ಸಮೀಕರಣಕ್ಕೆ ಹಾಕಿ:

```
2(3 + 2t) − (−2 + t) + 2(1 + 2t) = 3
10 + 7t = 3
t = −1
```

ಮುಟ್ಟಿದ ಬಿಂದು Q(1, −3, −1). P ಗೂ Q ಗೂ ನಡುವೆ 2, 1, 2 ವ್ಯತ್ಯಾಸ. √(4 + 1 + 4) = 3. ಪುಸ್ತಕ ಸರಿಯಾಗಿದೆ.

ಇಲ್ಲೊಂದು ಗುಂಡಿ ಇದೆ. t = −1 ಬಂದ ಕೂಡಲೇ «ದೂರ 1» ಅಂತ ಬರೆದು ಎದ್ದು ಹೋಗುವವರನ್ನು ಪ್ರತಿ ವರ್ಷ ನೋಡ್ತೀನಿ. t ಅನ್ನೋದು ಎಷ್ಟು ಹೆಜ್ಜೆ ಅಂತ ಹೇಳುತ್ತೆ, ಒಂದು ಹೆಜ್ಜೆ ಎಷ್ಟು ಉದ್ದ ಅಂತ ಹೇಳೋದಿಲ್ಲ. ಇಲ್ಲಿ ಒಂದು ಹೆಜ್ಜೆಯ ಉದ್ದ 3. ಮೈನಸ್ ಅಂದರೆ ಬಾಣದ ದಿಕ್ಕಿಗೆ ಎದುರಾಗಿ ನಡೆದಿದ್ದೇವೆ ಅಂತ ಅಷ್ಟೇ.

ಇನ್ನು ಚೇಷ್ಟೆ. ಸಮತಲಕ್ಕೆ ಲಂಬವಾಗಿರೋ ದಿಕ್ಕು ಅದರ ಸಮೀಕರಣದಲ್ಲೇ ಇದೆ: 2, −1, 2. ರೇಖೆಯ ದಿಕ್ಕು 2, 1, 2. ಒಂದೇ ಒಂದು ಮೈನಸ್ ವ್ಯತ್ಯಾಸ! ಅವಸರದಲ್ಲಿ ಓದಿದವರು ಎರಡೂ ಒಂದೇ ಅಂದುಕೊಂಡು ಲಂಬದ ಸೂತ್ರ ಹಾಕಲಿ ಅಂತಲೇ ಹೀಗೆ ಇಟ್ಟಿರಬೇಕು. ಹರಿಹರದ 1 ಬಂದದ್ದೂ ಆ ಮೈನಸ್ ಕಳೆದೇ. ನೋಡಿ, 1 ಬರೋಕೆ ಎರಡು ದಾರಿ, ಎರಡೂ ತಪ್ಪು.

ಅಂಗಡಿ ಮಾಲೀಕರು, ಹರಿಹರ: ಹಾಗಾದರೆ 7/3 ಯಾವುದರ ಉತ್ತರ ಮೇಷ್ಟ್ರೇ?

ಗಣಿತ ಮೇಷ್ಟ್ರು: ನೆಟ್ಟಗೆ, ಲಂಬವಾಗಿ ಹೋದರೆ 7/3. ಓರೆಯಾಗಿ ಹೋದರೆ 3. ಓರೆ ದಾರಿ ಲಂಬಕ್ಕಿಂತ ಕಡಿಮೆ ಆಗೋಕೆ ಸಾಧ್ಯವಿಲ್ಲ. ಹಾಗಾಗಿ ಉತ್ತರ 7/3ಕ್ಕಿಂತ ಕಡಿಮೆ ಬಂದರೆ ಎಲ್ಲೋ ಎಡವಿದ್ದೀರಿ ಅಂತ ತಕ್ಷಣ ಗೊತ್ತಾಗುತ್ತೆ. ಜಾಸ್ತಿ ಬಂದರೆ ಸರಿ ಅಂತ ಮಾತ್ರ ಹೇಳೋಕಾಗಲ್ಲ. 7√3 ಕೂಡ ಜಾಸ್ತಿಯೇ ಅಲ್ವಾ.

ಪಿಯು ವಿದ್ಯಾರ್ಥಿ, ಹಿರಿಯೂರು: ಸರ್ 13/3 ಅಲ್ವಾ ಉತ್ತರ?

ಗಣಿತ ಮೇಷ್ಟ್ರು: ಅಲ್ಲ. ಮೇಲೆ ಓದಿ.

ಮೇಸ್ತ್ರಿ, ಪಿ.ಜೆ. ಬಡಾವಣೆ: ಮೇಷ್ಟ್ರೇ, ನಂದೊಂದು ಇದೇ ಥರದ್ದು. ಶೀಟಿನ ಮಾಡು 12 ಅಡಿಗೆ 5 ಅಡಿ ಏರುತ್ತೆ. ಶೀಟಿನಿಂದ ಕೆಳಗಿನ ಕೊಕ್ಕೆಗೆ ಗುಂಡು ಬಿಟ್ಟು ಅಳೆದರೆ ಆರೂವರೆ ಅಡಿ. ನನ್ನ ಮಗ ಅದೇ ಕೊಕ್ಕೆಯಿಂದ ಶೀಟಿಗೆ ಟೇಪನ್ನು ಮೂಲೆ ಮಟ್ಟದಲ್ಲಿ ಹಿಡಿದು ಆರೇ ಅಡಿ ಅಂತಾನೆ. ಯಾರದ್ದು ಸರಿ?

ಗಣಿತ ಮೇಷ್ಟ್ರು: ಇಬ್ಬರದೂ ಸರಿ ಯಜಮಾನ್ರೇ, ಅಳತೆಗಳೂ ಚೊಕ್ಕವಾಗಿ ಕೂತಿವೆ. 12ಕ್ಕೆ 5 ಏರಿದರೆ ಇಳಿಜಾರಿನ ಉದ್ದ 13. ಆರೂವರೆಯನ್ನು 12ರಿಂದ ಗುಣಿಸಿ 13ರಿಂದ ಭಾಗಿಸಿ, 6 ಬರುತ್ತೆ. ಮಗ ಅಳೆದದ್ದು ಶೀಟಿಗೆ ಲಂಬದ ದೂರ. ನೀವು ಅಳೆದದ್ದು ನೆಲಕ್ಕೆ ನೆಟ್ಟಗಿರೋ ದಾರಿಯಲ್ಲಿ, ಅದು ಶೀಟಿಗೆ ಓರೆ. ನಿಟ್ಟುವಳ್ಳಿ ಹುಡುಗಿಯ ಲೆಕ್ಕ ನಿಮ್ಮ ಮಾಡಿನಲ್ಲೇ ನೇತಾಡ್ತಿದೆ. ಕೊಕ್ಕೆಗೆ ನೇರ ಇಳಿಯೋ ಸರಳು ಕತ್ತರಿಸೋದಾದರೆ ನಿಮ್ಮ ಆರೂವರೆ ತಗೊಳ್ಳಿ. ಮಗನ ಅಳತೆಗೆ ಕತ್ತರಿಸಿದರೆ ಅರ್ಧ ಅಡಿ ಮೋಟಾಗುತ್ತೆ.

ಮೇಸ್ತ್ರಿ, ಪಿ.ಜೆ. ಬಡಾವಣೆ: ಕತ್ತರಿಸಿ ಆಗಿದೆ.

ಪೋಷಕಿ, ಕೆ.ಟಿ.ಜೆ. ನಗರ: ಸುಮ್ನೆ ಮಕ್ಕಳ ಟೈಮ್ ಹಾಳು. ಎನ್‌ಸಿಇಆರ್‌ಟಿಯವರು ಕಡಿತ ಮಾಡಿದಾಗ ಸಮತಲದ ಭಾಗವನ್ನೇ ತೆಗೆದಿದ್ದಾರೆ. ಹಳೇ ಗೈಡ್ ಇಟ್ಟುಕೊಂಡು ಯಾಕೆ ತಲೆ ಕೆಡಿಸ್ತೀರಿ?

ಬಿಎಸ್ಸಿ ವಿದ್ಯಾರ್ಥಿ, ವಿದ್ಯಾನಗರ: ಆಂಟಿ, 2024ರ ಸಿಇಟಿಯಲ್ಲಿ ಪಠ್ಯದಲ್ಲಿ ಇಲ್ಲದ್ದೇ ಬಂದಿತ್ತಲ್ಲ. ಓದಿದ್ದರೆ ನಷ್ಟ ಏನು?

ಪೋಷಕಿ, ಕೆ.ಟಿ.ಜೆ. ನಗರ: ಬಂದಿತ್ತು, ಆಮೇಲೆ 50 ಪ್ರಶ್ನೆ ಮೌಲ್ಯಮಾಪನದಿಂದ ಕೈಬಿಟ್ಟರಲ್ಲ! ಪಠ್ಯದಲ್ಲಿ ಇಲ್ಲದ್ದು ಓದಿದವರಿಗೇ ನಷ್ಟ ಆಯ್ತು. ಅರ್ಧ ಗೊತ್ತಿಟ್ಟುಕೊಂಡು ಮಾತಾಡಬೇಡಪ್ಪ. 7√3 ಅಂತ ಬರೆದವನು ನೀನೇ ಅಲ್ವಾ?

ಬಿಎಸ್ಸಿ ವಿದ್ಯಾರ್ಥಿ, ವಿದ್ಯಾನಗರ: ನಾನು ಪ್ರಯತ್ನವಾದರೂ ಮಾಡಿದೆ. ನೀವು ಲೆಕ್ಕ ಮಾಡಿ ತೋರಿಸಿ ನೋಡೋಣ.

ಪೋಷಕರು, ಹೊಳಲ್ಕೆರೆ: ದೊಡ್ಡವರ ಹತ್ತಿರ ಹೀಗಾ ಮಾತಾಡೋದು? ನಾನು ಒಳ್ಳೇದಕ್ಕೆ ಮಂತ್ರ ಹಾಕಿದರೂ ಇಲ್ಲಿ ಬೈಗುಳ.

ಗಣಿತ ಮೇಷ್ಟ್ರು: ಜಗಳ ಬೇಕಿದ್ದವರು ಬೇರೆ ಕಡೆ ಮಾಡಿಕೊಳ್ಳಿ. ಅಕ್ಕಾವ್ರು ಹೇಳಿದ್ದು ಸರಿ, ಈಗಿನ 12ನೇ ತರಗತಿ ಪುಸ್ತಕದಲ್ಲಿ ಸಮತಲ ಇಲ್ಲ. ರೇಖೆ ಉಳಿದಿದೆ, ಒಂದನ್ನೊಂದು ಮುಟ್ಟದ ಎರಡು ರೇಖೆಗಳ ನಡುವಿನ ಅತಿ ಕಡಿಮೆ ದೂರವೂ ಉಳಿದಿದೆ. ಜೆಇಇ ಅಡ್ವಾನ್ಸ್ಡ್ ಬರೆಯುವವರಿಗೆ ಸಮತಲವೂ ಬೇಕು. ಈ ಹುಡುಗಿ ಯಾವುದಕ್ಕೆ ಓದ್ತಿದ್ದಾಳೆ ಅಂತ ನಾನು ಕೇಳಿಲ್ಲ, ನೀವೂ ಕೇಳಿಲ್ಲ. ಬರೀ ಬೋರ್ಡ್ ಪರೀಕ್ಷೆಗಾದರೂ ಇಲ್ಲಿಂದ ಎರಡು ಸಿಗುತ್ತೆ: 2y + 3 ಮತ್ತು 4 − z ಅನ್ನು ಸರಿಮಾಡಿಕೊಂಡು ದಿಕ್ಕು ಓದೋದು, ರೇಖೆಯ ಮೇಲಿನ ಬಿಂದುವನ್ನು t ಯಲ್ಲಿ ಬರೆಯೋದು.

ಪಿಯು ವಿದ್ಯಾರ್ಥಿ, ಹಿರಿಯೂರು: ಓದಿದೆ ಸರ್. 10 + 7t ಬದಲು t ಹೊರಟೇ ಹೋಗಿ 10 = 3 ಅಂತ ಬಂದರೆ?

ಗಣಿತ ಮೇಷ್ಟ್ರು: ಇದು ಕೇಳೋ ಪ್ರಶ್ನೆ. ಹಾಗೆ ಬಂದರೆ ರೇಖೆ ಸಮತಲಕ್ಕೆ ಸಮಾಂತರ, ಎಷ್ಟು ನಡೆದರೂ ಮುಟ್ಟೋದಿಲ್ಲ. ಉದಾಹರಣೆಗೆ ದಿಕ್ಕು 1, 2, 0 ತಗೊಂಡು ಇದೇ P ಯಿಂದ ಹೊರಟು ನೋಡು. 2t ಬರುತ್ತೆ, −2t ಬಂದು ಅದನ್ನು ತಿಂದು ಹಾಕುತ್ತೆ. ಆಗ ಆ ದಾರಿಯಲ್ಲಿ ದೂರ ಅನ್ನೋದೇ ಇಲ್ಲ. ಲಂಬದ 7/3 ಮಾತ್ರ ಇದ್ದಲ್ಲೇ ಇರುತ್ತೆ.

ಅಂಗಡಿ ಮಾಲೀಕರು, ಹರಿಹರ: ಕನ್ನಡಿಯಲ್ಲಿ ಕಂಡ ಹಾಗೆ P ಯ ಪ್ರತಿಬಿಂಬ ಎಲ್ಲಿ ಅಂತ ಮಗಳು ಕೇಳ್ತಿದ್ದಾಳೆ. Q ನ ಆಚೆ ಕಡೆ ಅಷ್ಟೇ ದೂರ ಹೋಗಬೇಕಾ?

ಪಿಯು ಉಪನ್ಯಾಸಕಿ, ಚಳ್ಳಕೆರೆ: Q ನಿಂದ ಅಲ್ಲ ಅನಿಸುತ್ತೆ. ಕನ್ನಡಿಗೆ ಲಂಬದ ದಾರಿ ಹಿಡಿಯಬೇಕು, ಅಂದರೆ 2, −1, 2 ದಿಕ್ಕು. ಮೇಷ್ಟ್ರು ಹೇಳಲಿ.

ವಿದ್ಯಾರ್ಥಿನಿ, ನಿಟ್ಟುವಳ್ಳಿ: ಸರ್ ಬಂತು. Q ಅನ್ನು ಸಮತಲಕ್ಕೆ ಹಾಕಿ ನೋಡಿದೆ, 2 + 3 − 2 = 3 ಸರಿ ಹೋಯ್ತು. ನಾನು ಅಡ್ವಾನ್ಸ್ಡ್‌ಗೇ ಓದ್ತಿರೋದು.

ಪೋಷಕರು, ಹೊಳಲ್ಕೆರೆ: «ಪರೀಕ್ಷೆಯಲ್ಲಿ ವರ್ಗಮೂಲ ಇರೋ ಆಯ್ಕೆ ಯಾವತ್ತೂ ತಪ್ಪು. 10 ಗುಂಪಿಗೆ…»

ಗಣಿತ ಮೇಷ್ಟ್ರು: ಅಳಿಸಿದ್ದೇನೆ. ಇನ್ನೊಂದು ಹಾಕಿದರೆ ನಿಮ್ಮನ್ನೂ ಗುಂಪಿನಿಂದ ತೆಗೀತೀನಿ.

ಪಿಯು ವಿದ್ಯಾರ್ಥಿ, ಚನ್ನಗಿರಿ: ಸರ್ ಲೆಕ್ಕದ ಫೋಟೋ ಹಾಕಿದ್ದೇನೆ, ಬೇಗ ಹೇಳಿ.

ಗಣಿತ ಮೇಷ್ಟ್ರು: ಎಡಗಡೆ ಅರ್ಧ ಪುಟ ಎಲ್ಲಿ?