ಸಹಾಯ ಬೇಕು: 8 ಜನರ ತಂಡದಲ್ಲಿ ಒಬ್ಬರಿಗೆ ಕೆಟ್ಟ ರೇಟಿಂಗ್ ಕೊಡಲೇಬೇಕಂತೆ

ಬೆಂಗಳೂರಿನ ಐಟಿ ಕಂಪನಿಯೊಂದರಲ್ಲಿ ಟೀಮ್ ಲೀಡ್ ಆಗಿದ್ದೇನೆ. ಬೆಲ್ ಕರ್ವ್ ಪ್ರಕಾರ ಶೇ 10 ಜನರಿಗೆ ಕೊನೆಯ ರೇಟಿಂಗ್ ಹೋಗಲೇಬೇಕು. 8 ಜನರಲ್ಲಿ ಶೇ 10 ಅಂದರೆ ಒಬ್ಬರೂ ಪೂರ್ತಿ ಆಗಲ್ಲ, ಆದರೂ ಎಚ್‌ಆರ್‌ನವರು ಅದನ್ನು 1 ಮಾಡಿದ್ದಾರೆ.

ಎಲ್ಲರೂ ಟಾರ್ಗೆಟ್ ಮುಟ್ಟಿದ್ದಾರೆ. ಟಿಕೆಟ್ ಲೆಕ್ಕ ನೋಡಿದರೆ ಕೊನೆಗೆ ಉಳಿಯುವುದು, ಹೊಸಬರಿಗೆ ಕಲಿಸುತ್ತಾ ಎಲ್ಲರ ಕೋಡ್ ರಿವ್ಯೂ ಮಾಡುತ್ತಾ ತನ್ನ ಟಿಕೆಟ್ ಕಡಿಮೆ ಮುಗಿಸಿದ ಹುಡುಗಿ. ಅನ್ಯಾಯ ಅಲ್ವಾ? ಕೋಟಾ ವಿಷಯ ಹಬ್ಬಿದಾಗಿನಿಂದ ಉಳಿದವರೂ ಒಬ್ಬರಿಗೊಬ್ಬರು ಸಹಾಯ ಮಾಡುವುದನ್ನು ಬಿಟ್ಟಿದ್ದಾರೆ.

ಅವಳ ರಿವ್ಯೂ ದಾಖಲೆ ಕೊಟ್ಟು ವಿನಾಯಿತಿ ಕೇಳಿದೆ. 'ಹಾಗಾದರೆ ಬೇರೆ ಹೆಸರು ಕೊಡಿ' ಅಂದರು.

ಚಿಕ್ಕ ತಂಡಗಳನ್ನು ಸೇರಿಸಿ ಇಡೀ ವಿಭಾಗಕ್ಕೆ ಒಂದೇ ಲೆಕ್ಕ ಹಾಕಿಸಿದವರು ಇದ್ದೀರಾ? ನಾರ್ಮಲೈಸೇಶನ್ ಮೀಟಿಂಗ್‌ನಲ್ಲಿ ಏನು ತೋರಿಸಿದಾಗ ಒಪ್ಪಿದರು?