ಟ್ಯೂಬನ್ನು ‘ಅಲುಗಾಡಿಸಿ’ ಎಂದು ಬರೆಯಬಹುದೇ?

ಮಾನ್ಯರೇ,

ರಕ್ತ ತೆಗೆಯುವುದನ್ನು ಹೊಸದಾಗಿ ಕಲಿಯುವವರಿಗಾಗಿ ಕನ್ನಡದಲ್ಲಿ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಮೊಣಕೈ ಮಡಿಕೆಯ ನಡುವಿನ ರಕ್ತನಾಳವನ್ನು ಮೊದಲು ತಡವಿ ನೋಡಬೇಕು, ಅಲ್ಲಿಂದ ಮೂರು ನಾಲ್ಕು ಇಂಚು ಮೇಲೆ ಟೂರ್ನಿಕೆಟ್ ಕಟ್ಟಿ ಒಂದು ನಿಮಿಷದೊಳಗೆ ಬಿಚ್ಚಬೇಕು ಎಂಬಲ್ಲಿಯವರೆಗೆ ತೊಡಕಾಗಲಿಲ್ಲ. ಹಳೆಯ ಪ್ರತಿಯಲ್ಲಿ ಮುಂದೆ ‘ಟ್ಯೂಬನ್ನು ಚೆನ್ನಾಗಿ ಅಲುಗಾಡಿಸಿ’ ಎಂದಿದೆ. ಅದನ್ನು ಓದಿದವರು ಔಷಧದ ಬಾಟಲಿಯಂತೆ ಕುಲುಕುತ್ತಾರೆ, ಕೆಂಪು ಕಣಗಳು ಒಡೆಯುತ್ತವೆ. ‘ತಿರುವಿ’, ‘ಮಗುಚಿ’, ‘ತಲೆಕೆಳಗು ಮಾಡಿ’ ಇವುಗಳಲ್ಲಿ ಯಾವುದು ಸರಿ? ಹೀಗೆ ಕಣಗಳು ಒಡೆಯುವ ಹೀಮೋಲಿಸಿಸ್‌ಗೆ ಕನ್ನಡದಲ್ಲಿ ಏನೆನ್ನಬೇಕು?

ಉತ್ತರ 1: ಕುಲುಕುವುದಕ್ಕಿಂತ ರೋಗಿ ಮುಷ್ಟಿಯನ್ನು ಪದೇಪದೇ ಬಿಗಿದು ಬಿಡುವುದರಿಂದಲೇ ಕಣಗಳು ಹೆಚ್ಚು ಒಡೆಯುತ್ತವೆ. ಪೊಟ್ಯಾಸಿಯಮ್ ಏರುವುದೇ ಅದಕ್ಕೆ ಸಾಕ್ಷಿ. ಆ ಎಚ್ಚರಿಕೆಯನ್ನು ಮೊದಲು ಬರೆಯಿರಿ.

ಉತ್ತರ 2: ನಮ್ಮ ತಾಯಿಯವರ ವರದಿಯಲ್ಲಿ ಪೊಟ್ಯಾಸಿಯಮ್ 6.4 ಎಂದು ಬಂದು ಮನೆಯವರೆಲ್ಲ ಗಾಬರಿಯಾದೆವು. ಪ್ರಯೋಗಾಲಯದವರು ‘ರಕ್ತ ಕೆಟ್ಟಿದೆ’ ಎಂದರು. ಕೈಯ ಹಿಂಭಾಗದಿಂದ ಸಣ್ಣ ಸೂಜಿಯಲ್ಲಿ, ಸಿರಿಂಜನ್ನು ಜೋರಾಗಿ ಎಳೆದು ತೆಗೆದಿದ್ದರು. ಮರುದಿನ ಮೊಣಕೈಯಿಂದ ತೆಗೆದಾಗ 4.3 ಬಂತು. ಅವರಿಗೆ ಏನು ಕಾಯಿಲೆಯಿತ್ತು?

ಉತ್ತರ 3: ಪ್ರಯೋಗಾಲಯದಲ್ಲಿ ಬಹುಕಾಲ ಕೆಲಸ ಮಾಡಿದವನಾಗಿ ಹೇಳುತ್ತೇನೆ. ಮುಷ್ಟಿ ಬಿಗಿಯುವುದರಿಂದ ಪೊಟ್ಯಾಸಿಯಮ್ ಏರುವುದು ನಿಜ, ಆದರೆ ಅದು ಸ್ನಾಯುವಿನಿಂದ ಬರುವುದರಿಂದ ಸೀರಮ್ ಹಳದಿಯಾಗಿಯೇ ಉಳಿಯುತ್ತದೆ. ಕಣಗಳು ಒಡೆದು ಪೊಟ್ಯಾಸಿಯಮ್ ಏರಿದ್ದರೆ, ಸೆಂಟ್ರಿಫ್ಯೂಜ್ ಮಾಡಿದ ಮೇಲೆ ಅದು ನಸುಗೆಂಪಾಗಿ ಕಾಣುತ್ತದೆ. ಎರಡನೆಯವರ ತಾಯಿಯವರ ಮಾದರಿಯ ಬಣ್ಣ ಗೊತ್ತಿಲ್ಲದಿದ್ದರೂ, ಸಣ್ಣ ಸೂಜಿಯಲ್ಲಿ ಜೋರಾಗಿ ಎಳೆದದ್ದೇ ಕಾರಣವಾಗಿರಬಹುದು, ಕಾಯಿಲೆಯೇ ಇರಬೇಕೆಂದಿಲ್ಲ. ಒರೆಸಿದ ಸ್ಪಿರಿಟ್ ಒಣಗುವ ಮೊದಲೇ ಚುಚ್ಚಿದರೂ, ಸಿರಿಂಜಿನ ರಕ್ತವನ್ನು ಸೂಜಿಯ ಮೂಲಕ ಟ್ಯೂಬಿಗೆ ಒತ್ತಿ ತುಂಬಿದರೂ ಕಣಗಳು ಒಡೆಯುತ್ತವೆ.

ಪದದ ವಿಷಯಕ್ಕೆ ಬಂದರೆ, ‘ತಿರುವಿ’ ಎಂದರೆ ಅಂಗೈಗಳ ನಡುವೆ ಉರುಳಿಸುವವರಿದ್ದಾರೆ. ‘ಮಗುಚಿ’ ಎಂದರೆ ಬಾಣಲೆಯಲ್ಲಿ ಕೈಯಾಡಿಸುವುದೂ ಆಗುತ್ತದೆ. ಆದ್ದರಿಂದ ಒಂದೇ ಕ್ರಿಯಾಪದಕ್ಕೆ ಹಟ ಹಿಡಿಯದೆ, ‘ಟ್ಯೂಬನ್ನು ನಿಧಾನವಾಗಿ ತಲೆಕೆಳಗು ಮಾಡಿ ಮತ್ತೆ ನೆಟ್ಟಗೆ ತನ್ನಿ, ಇದು ಒಂದು ಸಲ’ ಎಂದು ಬರೆಯಿರಿ. ನೇರಳೆ ಮುಚ್ಚಳದ್ದಕ್ಕೆ 8ರಿಂದ 10 ಸಲ, ತಿಳಿನೀಲಿಯದ್ದಕ್ಕೆ 3ರಿಂದ 4 ಸಲ ಸಾಕು. ಇನ್ನು ‘ರಕ್ತ ಕೆಟ್ಟಿದೆ’ ಎಂಬುದು ಕೈಪಿಡಿಯಲ್ಲಿ ಬೇಡವೇ ಬೇಡ.

ಮೂಲ ಪ್ರಶ್ನೆ ಕೇಳಿದವರು: ‘ತಲೆಕೆಳಗು ಮಾಡಿ’ ಎಂದೇ ಬರೆಯುತ್ತೇನೆ. ಹೀಮೋಲಿಸಿಸ್‌ಗೆ ‘ಕಣ ಒಡೆತ’ ಎಂದು ಬರೆದು ನೋಡಿದೆ, ನನ್ನ ಸಹೋದ್ಯೋಗಿಗಳು ಅದನ್ನು ಒಪ್ಪುತ್ತಿಲ್ಲ. ಪ್ರಯೋಗಾಲಯದಲ್ಲಿ ಎಲ್ಲರೂ ‘ಹೀಮೋಲೈಸ್ ಆಗಿದೆ’ ಎಂದೇ ಹೇಳುವಾಗ ಕೈಪಿಡಿಯಲ್ಲಿ ಬೇರೆ ಪದ ಏಕೆ ಎಂಬುದು ಅವರ ಆಕ್ಷೇಪ. ಇದಕ್ಕೆ ಬೇರೆಯವರ ಅಭಿಪ್ರಾಯವನ್ನು ಎದುರು ನೋಡುತ್ತೇನೆ.